ಕಾಟು ಹೊಡೆದ ಸಾಲೂ ಲೆಕ್ಕಕ್ಕಿದೆ

ನೋಟ್‌ಬುಕ್ಕಿನ ಲೆಕ್ಕವನ್ನು ಟೈಪ್ ಮಾಡುವಾಗ ಮೊದಲು ಕೈಕೊಡುವುದು ವರ್ಗಮೂಲದ ಚಿಹ್ನೆ. ಕಾಗದದಲ್ಲಿ ಅದರ ಮೇಲ್ಗೆರೆ ಎಲ್ಲಿಯವರೆಗೆ ಚಾಚಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಟೈಪಿನಲ್ಲಿ ಆ ಗೆರೆ ಇರುವುದಿಲ್ಲ. ಆವರಣ ಹಾಕದಿದ್ದರೆ ಅರ್ಥವೇ ಬದಲಾಗುತ್ತದೆ. ಭಿನ್ನರಾಶಿಯಲ್ಲೂ ಇದೇ ಪಾಡು: 1/2x ಎಂದರೆ x ಮೇಲಿದೆಯೋ ಕೆಳಗಿದೆಯೋ? (1/2)x ಅಥವಾ 1/(2x) ಎಂದು ಬಿಡಿಸಿ ಬರೆಯಬೇಕು.

ಹತ್ತನೇ ತರಗತಿಯ ಹುಡುಗಿಯೊಬ್ಬಳ ಪುಟ ಹೀಗಿದೆ ಎನ್ನೋಣ:

```
1: sqrt(x+7) = x+1
2: x+7 = x^2+1      [ಕಾಟು]
3: x+7 = x^2+2x+1
4: x^2+x-6 = 0
5: x = 2, x = -3
```

ಪರೀಕ್ಷಿಸಲು x=2 ಅನ್ನು ಪ್ರತಿ ಸಾಲಿಗೂ ಹಾಕಿ. ಮೊದಲ ಸಾಲಿನಲ್ಲಿ ಎರಡೂ ಕಡೆ 3. ಆವರಣ ಮರೆತು sqrt(x)+7 ಎಂದು ಬರೆದಿದ್ದರೆ ಎಡಗಡೆ ಸುಮಾರು 8.41 ಬಂದು, ತಪ್ಪು ನಮ್ಮದೆಂದು ತಿಳಿಯುತ್ತಿತ್ತು. ಎರಡನೇ ಸಾಲಿನಲ್ಲಿ 9 ಮತ್ತು 5. ಇಲ್ಲಿ ಮೂಲ ಪುಟವನ್ನು ಮತ್ತೆ ನೋಡಬೇಕು. ಅಲ್ಲೂ ಹಾಗೇ ಇದ್ದರೆ ತಪ್ಪು ಅವಳದು: ವರ್ಗ ಮಾಡುವಾಗ 2x ಬಿಟ್ಟಿದ್ದಾಳೆ, ತಾನೇ ಕಂಡುಕೊಂಡು ಗೀಟು ಎಳೆದಿದ್ದಾಳೆ. ಆ ಸಾಲನ್ನು ತಿದ್ದಬಾರದು, ಅಳಿಸಲೂಬಾರದು. ಅಂದಹಾಗೆ, ಭಿನ್ನರಾಶಿಯಲ್ಲಿ ಮೇಲೆ ಕೆಳಗೆ ಸಮಾನ ಅಪವರ್ತನ ಹೊಡೆಯುವ ಗೀಟು ಬೇರೆ, ಅದು ಲೆಕ್ಕದ್ದೇ ಹೆಜ್ಜೆ. ಎರಡಕ್ಕೂ ಒಂದೇ ಗುರುತು ಹಾಕಬೇಡಿ.

ಇನ್ನು x=-3. ಮೂರನೇ ಸಾಲಿನಲ್ಲಿ ಎರಡೂ ಕಡೆ 4, ಸರಿಯೇ. ಮೊದಲ ಸಾಲಿನಲ್ಲಿ ಮಾತ್ರ 2 ಮತ್ತು -2. ಅದು ವರ್ಗ ಮಾಡಿದಾಗ ನುಸುಳಿದ ಉತ್ತರ, ಉಳಿಯುವುದು 2 ಒಂದೇ.