ಗೆಳೆಯನ ಹುಟ್ಟುಹಬ್ಬಕ್ಕೆ ಎಂಟು ಸಾಲು

ಹುಟ್ಟುಹಬ್ಬದ ತುಂಟ ಕವಿತೆಗೆ ಬೇಕಾದದ್ದು ಎರಡೇ: ಗೆಳೆಯನ ಒಂದು ಅಭ್ಯಾಸ, ಇಬ್ಬರೂ ಕೂಡಿ ಹೋದ ಒಂದು ಪ್ರವಾಸ. ಆ ಅಭ್ಯಾಸ ಪ್ರವಾಸದಲ್ಲೇ ಬಯಲಾಗಿರಬೇಕು. ಆಗ ಕೀಟಲೆಯೂ ನೆನಪೂ ಒಂದೇ ಕತೆಯಾಗುತ್ತವೆ.

ಉದಾಹರಣೆಗೆ, ಯಾರನ್ನೂ ದಾರಿ ಕೇಳದ ಗೆಳೆಯನೊಬ್ಬ ಜೋಗಕ್ಕೆ ಕರೆದೊಯ್ದನೆನ್ನೋಣ. ನಡುವೆ ದಾರಿ ತಪ್ಪಿ ಅಡಿಕೆ ತೋಟದ ಮನೆಯೊಂದರ ಅಂಗಳ ಸೇರಿದಿರಿ, ಅಲ್ಲಿ ಅಜ್ಜಿ ಮಜ್ಜಿಗೆ ಕೊಟ್ಟರು. ಬರೆಯಲು ಕೂತಾಗ ಜಲಪಾತವನ್ನೇ ವರ್ಣಿಸುವ ಆಸೆ ಬರುತ್ತದೆ. ಆದರೆ ರಾಜ, ರಾಣಿ, ರೋರರ್, ರಾಕೆಟ್ ಧಾರೆಗಳನ್ನು ಎಲ್ಲರೂ ನೋಡಿದ್ದಾರೆ. ಆ ಅಂಗಳ ಗೊತ್ತಿರುವುದು ನಿಮ್ಮಿಬ್ಬರಿಗೇ. ಅದನ್ನೇ ಹಿಡಿಯಬೇಕು.

ದಿನಕರ ದೇಸಾಯಿಯವರು ತಮ್ಮ ಚುಟುಕಗಳಲ್ಲಿ ಪಳಗಿಸಿದ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ, ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಎರಡೆರಡು ಸಾಲಿಗೆ ಕೊನೆಯ ಪ್ರಾಸ ಕೂಡಿದರೆ ಸಾಕು. ಅಂಥ ಎರಡು ಚೌಪದಿ ಹೀಗಿರಬಹುದು:

ದಾರಿಯ ಕೇಳದ ಧೀರನೆ ನೀನು
ಜೋಗದ ಬದಲಿಗೆ ತೋರಿದೆ ಏನು?
ಅಡಿಕೆಯ ತೋಟದ ಅಂಗಳವೊಂದು,
ಮಜ್ಜಿಗೆ ಕೊಟ್ಟರು ಅಜ್ಜಿಯೆ ಬಂದು!

ನೆಟ್ಟಗೆ ಹೋಗಿದ್ದರೆ ನಾವಂದು
ಮಜ್ಜಿಗೆ ಸಿಗುತಿರಲಿಲ್ಲವೊ ಬಂಧು.
ಹುಟ್ಟಿದ ಹಬ್ಬಕೆ ಹರಸುವೆ ಬಾರೊ,
ದಾರಿಯ ತಪ್ಪಿಸಿ ತೋಟವ ತೋರೊ!

ಇಲ್ಲಿನ ನಡೆ ನಾಲ್ಕು ಮಾತ್ರೆಯದು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೂ, ಒತ್ತಕ್ಷರ ಅಥವಾ ಸೊನ್ನೆ ಹಿಂಬಾಲಿಸುವ ಅಕ್ಷರಕ್ಕೂ ಎರಡು. ‘ಮಜ್ಜಿಗೆ’ಯಲ್ಲಿ ಎರಡು, ಒಂದು, ಒಂದು ಕೂಡಿ ನಾಲ್ಕು. ಪ್ರತಿ ಸಾಲಿನಲ್ಲೂ ಇಂಥ ನಾಲ್ಕು ಗುಂಪುಗಳಿವೆ. ಕೊನೆಯ ಗುಂಪಿಗೆ ಒಂದು ಮಾತ್ರೆ ಕಡಿಮೆಯಿದ್ದರೂ ಓದುವಾಗ ಉಸಿರಿನ ತಡೆ ಅದನ್ನು ತುಂಬುತ್ತದೆ.

ಎಣಿಕೆ ಬೇಸರವೆನಿಸಿದರೆ ಪ್ರತಿ ಗುಂಪಿಗೊಂದು ಚಪ್ಪಾಳೆ ತಟ್ಟುತ್ತಾ ಓದಿ. ಎರಡನೆಯ ಸಾಲನ್ನು ‘ಜೋಗದ ಜಲಪಾತದ ಬದಲಿಗೆ ತೋರಿದೆ ಏನು’ ಎಂದು ಹಿಗ್ಗಿಸಿದರೆ ಆರು ಮಾತ್ರೆ ಹೆಚ್ಚಾಗಿ, ಚಪ್ಪಾಳೆ ಪದಗಳ ನಡುವೆ ಬೀಳುತ್ತದೆ. ನಾಲಿಗೆ ತೊಡರುವ ಜಾಗವೇ ತಪ್ಪಿನ ಜಾಗ. ವಿವರಣೆಯ ಪದವನ್ನು ಅಲ್ಲಿಂದ ತೆಗೆದುಬಿಡಿ.

ಕೀಟಲೆಗೂ ಮಿತಿ ಇದೆ. ಗೆಳೆಯ ತಾನೇ ಹೇಳಿಕೊಂಡು ನಗುವ ಅಭ್ಯಾಸವನ್ನಷ್ಟೇ ಮುಟ್ಟಬೇಕು. ಮೈಬಣ್ಣ, ತೂಕ, ಸಂಬಳ, ಕೂಡಿಬರದ ಮದುವೆ ಇವೆಲ್ಲ ದೂರವಿರಲಿ. ಇಬ್ಬರೇ ಇದ್ದಾಗ ನಕ್ಕ ಮಾತು ಹತ್ತು ಜನರ ಎದುರು ಚುಚ್ಚಬಹುದು. ಸಂಶಯವಿದ್ದರೆ ಅವನನ್ನು ಬಲ್ಲ ಇನ್ನೊಬ್ಬರಿಗೆ ಮೊದಲು ಓದಿ ತೋರಿಸಿ.

ಮೊದಲ ಚೌಪದಿ ಕೆಣಕಿ ನಿಂತಿತು. ಅಲ್ಲೇ ಮುಗಿಸಿದ್ದರೆ ಅದು ದೂರಾಗುತ್ತಿತ್ತು. ಎರಡನೆಯದು ಅದೇ ಕುಂದನ್ನು ಉಪಕಾರವೆಂದು ಒಪ್ಪಿ, ಇನ್ನೊಮ್ಮೆ ದಾರಿ ತಪ್ಪಿಸೆಂದು ಬೇಡುತ್ತದೆ. ‘ನೂರು ವರ್ಷ ಬಾಳು’ ಎನ್ನುವ ಹಾರೈಕೆ ಯಾರಿಗೂ ಸಲ್ಲುತ್ತದೆ. ಈ ಬೇಡಿಕೆ ಸಲ್ಲುವುದು ಆ ಒಬ್ಬನಿಗೆ ಮಾತ್ರ.