ಹತ್ತದ ವಿಮಾನಕ್ಕೆ ಎಷ್ಟು ಹಣ ಹಿಡಿಯಬಹುದು?

ಅಣ್ಣನ ಮನೆಯ ನಾಲ್ವರೂ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದರು. ಎರಡು ದಿನ ಇರುವಾಗ ಅತ್ತಿಗೆಯ ತಾಯಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಟಿಕೆಟ್ ರದ್ದು ಮಾಡಿದರು. ತಲಾ 4,336 ರೂಪಾಯಿ ಕೊಟ್ಟಿದ್ದಕ್ಕೆ ಮರಳಿ ಬಂದದ್ದು ತಲಾ 337. ರದ್ದತಿ ಶುಲ್ಕ 3,999 ಎಂದು ಕಂಪನಿಯ ಮೇಲ್ ಹೇಳಿತು. "ಆಫರ್ ಟಿಕೆಟ್ ತಾನೇ, ಇಷ್ಟೇ ಬರೋದು" ಎಂದು ಅಣ್ಣ ಕೈಬಿಟ್ಟ. ಅತ್ತಿಗೆ ಬಿಡಲಿಲ್ಲ. ಟಿಕೆಟ್ ತೆಗೆದು ದರದ ವಿವರ ಇರುವ ಭಾಗವನ್ನು ನನ್ನ ಮುಂದಿಟ್ಟರು.

ಜಗಳದ ಬೇರು ಇರುವುದು ಆ ವಿವರದಲ್ಲೇ. ಮೂಲ ದರ 2,600. ಇಂಧನ ಶುಲ್ಕ 400. ಜಿಎಸ್‌ಟಿ 150. ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ಅಂದರೆ ಯುಡಿಎಫ್, 650. ಭದ್ರತಾ ಶುಲ್ಕ 236. ಬುಕಿಂಗ್‌ಗೆಂದು ಹಿಡಿದ ಕನ್ವೀನಿಯನ್ಸ್ ಫೀ 300. ಇವುಗಳಲ್ಲಿ ವಿಮಾನ ಕಂಪನಿಯ ದರ ಎನ್ನಬಹುದಾದದ್ದು ಮೊದಲೆರಡು ಮಾತ್ರ. ಯುಡಿಎಫ್ ನಿಲ್ದಾಣವನ್ನು ಬಳಸುವವರು ಕೊಡುವ ಹಣ. ಕಂಪನಿ ಅದನ್ನು ವಸೂಲಿ ಮಾಡಿಕೊಡುತ್ತದೆ ಅಷ್ಟೆ. ನಿಲ್ದಾಣದ ಬಾಗಿಲು ದಾಟದವರ ಯುಡಿಎಫ್ ಕಂಪನಿಯ ಲಾಭವಾಗುವುದು ಅನ್ಯಾಯ, ಮತ್ತು ನಿಯಮವೂ ಅದನ್ನೇ ಹೇಳುತ್ತದೆ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಸೆಕ್ಷನ್ 3, ಸರಣಿ ಎಂ, ಭಾಗ 2 ಟಿಕೆಟ್ ಹಣ ಮರಳಿಸುವುದಕ್ಕೆಂದೇ ಇರುವ ನಿಯಮ. ರದ್ದತಿ ಶುಲ್ಕ ಯಾವ ಕಾರಣಕ್ಕೂ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರಬಾರದು. ಶಾಸನಬದ್ಧ ತೆರಿಗೆಗಳನ್ನೂ ಯುಡಿಎಫ್‌ನಂಥ ಶುಲ್ಕಗಳನ್ನೂ ಮರಳಿಸಬೇಕು. ಮೂಲ ದರ ವಾಪಸಾಗದ ಆಫರ್ ಟಿಕೆಟ್‌ಗೂ, ಹೇಳದೆ ಪ್ರಯಾಣ ತಪ್ಪಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ. ಹಣ ಮರಳಿಸುವ ಕೆಲಸಕ್ಕೆಂದು ಬೇರೆ ಶುಲ್ಕ ಹಾಕುವಂತಿಲ್ಲ.

ಹಾಗಾದರೆ ಅತ್ತಿಗೆಯ ಟಿಕೆಟ್‌ನಲ್ಲಿ ಹಿಡಿಯಬಹುದಾಗಿದ್ದ ರದ್ದತಿ ಶುಲ್ಕ ಹೆಚ್ಚೆಂದರೆ 3,000. ಕಂಪನಿ ಹಿಡಿದದ್ದು 3,999. ಯುಡಿಎಫ್ ಮತ್ತು ಭದ್ರತಾ ಶುಲ್ಕ ಸೇರಿ 886 ಬರಬೇಕಿತ್ತು, ಬಂದದ್ದು 337. ಬಾಕಿ 549, ನಾಲ್ಕು ಟಿಕೆಟ್‌ಗೆ 2,196. ಕನ್ವೀನಿಯನ್ಸ್ ಫೀಯನ್ನು ಲೆಕ್ಕಕ್ಕೆ ತರಲಿಲ್ಲ, ಅದು ಸರ್ಕಾರದ್ದೂ ಅಲ್ಲ, ನಿಲ್ದಾಣದ್ದೂ ಅಲ್ಲ. ರದ್ದತಿ ಶುಲ್ಕದ ಮೇಲೂ ಜಿಎಸ್‌ಟಿ ಬೀಳುವುದರಿಂದ ಆ 150ನ್ನೂ ಬಿಟ್ಟೆವು. ವಾದಕ್ಕೆ ಎಡೆಯಿರುವ ಒಂದು ಮೊತ್ತ ಸೇರಿದರೆ ಕಂಪನಿ ಅದನ್ನೇ ಹಿಡಿದುಕೊಂಡು ಇಡೀ ಪತ್ರವನ್ನು ತಳ್ಳಿಹಾಕಬಹುದು.

ಪತ್ರ ಹೀಗಿತ್ತು:

"ಮಾನ್ಯರೇ, ಮೇಲೆ ನಮೂದಿಸಿದ ಪಿಎನ್‌ಆರ್‌ನ ನಾಲ್ಕು ಟಿಕೆಟ್‌ಗಳನ್ನು ನಿಮ್ಮ ವೆಬ್‌ಸೈಟ್ ಮೂಲಕ ರದ್ದು ಮಾಡಿದ್ದೇವೆ. ದಿನಾಂಕ, ಸಮಯ ತೋರಿಸುವ ಮೇಲ್ ಲಗತ್ತಿಸಿದೆ. ತಲಾ 3,999 ರೂ. ರದ್ದತಿ ಶುಲ್ಕ ಹಿಡಿದಿದ್ದೀರಿ. ನಿಮ್ಮದೇ ಟಿಕೆಟ್ ಪ್ರಕಾರ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 3,000 ರೂ. ಮಾತ್ರ. ಡಿಜಿಸಿಎ ನಿಯಮದಂತೆ ಶುಲ್ಕ ಇದನ್ನು ಮೀರುವಂತಿಲ್ಲ. ಯುಡಿಎಫ್ ಮತ್ತು ಭದ್ರತಾ ಶುಲ್ಕದಲ್ಲಿ ಬಾಕಿ ಉಳಿದ ಒಟ್ಟು 2,196 ರೂ.ಗಳನ್ನು ಪಾವತಿ ಮಾಡಿದ ಕಾರ್ಡ್‌ಗೇ 15 ದಿನದೊಳಗೆ ಮರಳಿಸಿ. ಮುಂದಿನ ಪ್ರಯಾಣದ ಕ್ರೆಡಿಟ್ ರೂಪದಲ್ಲಿ ಒಪ್ಪುವುದಿಲ್ಲ. ಕೊಡಲಾಗದಿದ್ದರೆ ಯಾವ ನಿಯಮದಡಿ ಎಂದು ಬರೆದು ತಿಳಿಸಿ."

ತಾಯಿಯ ಸೊಂಟದ ಸುದ್ದಿ ಇದರಲ್ಲಿ ಇಲ್ಲ. ಅತ್ತಿಗೆ ಮೊದಲು ಬರೆದದ್ದರಲ್ಲಿ ಅರ್ಧ ಅದೇ ಇತ್ತು. ಅದನ್ನು ಓದಿದವರು "ಕನಿಕರದಿಂದ ಪರಿಶೀಲಿಸಲಾಗದು" ಎಂದು ಮುಗಿಸಿಬಿಡಬಹುದು, ನಾವು ಕೇಳುತ್ತಿದ್ದದ್ದು ಕನಿಕರವನ್ನಲ್ಲ. ಕ್ರೆಡಿಟ್ ಬೇಡವೆಂಬ ಸಾಲು ಮಾತ್ರ ಬೇಕೇ ಬೇಕು. ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡುವುದೋ ಬೇಡವೋ ಎಂಬ ಆಯ್ಕೆ ಪ್ರಯಾಣಿಕರದು, ಕಂಪನಿ ತಾನಾಗಿಯೇ ಹಾಗೆ ಮಾಡುವಂತಿಲ್ಲ.

ಏಜೆಂಟ್ ಅಥವಾ ಬುಕಿಂಗ್ ಪೋರ್ಟಲ್ ಮೂಲಕ ಕೊಂಡಿದ್ದರೆ "ಅವರನ್ನೇ ಕೇಳಿ" ಎಂದು ಕಂಪನಿ ಸಾಗಹಾಕುತ್ತದೆ. ಏಜೆಂಟರು ಕಂಪನಿಯ ಪ್ರತಿನಿಧಿಗಳು, ಹಣ ಮರಳಿಸುವ ಹೊಣೆ ಕಂಪನಿಯದೇ ಎನ್ನುತ್ತದೆ ಅದೇ ನಿಯಮ. ಆದ್ದರಿಂದ ಪತ್ರ ಇಬ್ಬರಿಗೂ ಹೋಗಲಿ. ಪೋರ್ಟಲ್ ತನ್ನ ಸೇವಾ ಶುಲ್ಕ ಹಿಡಿದಿದ್ದರೆ ಅದನ್ನು ಬೇರೆಯಾಗಿಯೇ ಲೆಕ್ಕ ಹಾಕಿ. ವಿದೇಶಿ ಕಂಪನಿಯಾದರೆ ಈ ವಾದ ಹಾಗೆಯೇ ನಡೆಯದು, ಅವರು ತಮ್ಮ ದೇಶದ ನಿಯಮದಂತೆ ಮರಳಿಸುತ್ತಾರೆ. ಇನ್ನು ಕಂಪನಿಯೇ ವಿಮಾನ ರದ್ದು ಮಾಡಿದ್ದರೆ ರದ್ದತಿ ಶುಲ್ಕದ ಮಾತೇ ಬರಬಾರದು.

ಗ್ರಾಹಕ ಸೇವಾ ವಿಭಾಗದಿಂದ ಬಂದದ್ದು ಸಿದ್ಧ ಉತ್ತರ. ಅದೇ ಪತ್ರವನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಿ, ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲೂ ದೂರು ದಾಖಲಿಸಿದೆವು. ಹನ್ನೊಂದನೆಯ ದಿನ 2,196 ರೂಪಾಯಿ ಕಾರ್ಡ್‌ಗೆ ಜಮಾ ಆಯಿತು. ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915 ಇತ್ತು, ಅದರಾಚೆ ಜಿಲ್ಲಾ ಗ್ರಾಹಕ ಆಯೋಗ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ಅಲ್ಲಿ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ದಾಟದಿದ್ದರೆ ದೂರಿಗೆ ಶುಲ್ಕವಿಲ್ಲ.