ತಕ್ಕಡಿಯಲ್ಲಿ ಒಂದು ಕಿಲೋ, ಬಿಲ್ಲಿನಲ್ಲಿ ಮೂರು

ಚನ್ನಪಟ್ಟಣದಿಂದ ಪುಣೆಗೆ ಒಂದಷ್ಟು ಮರದ ಗೊಂಬೆ ಕಳಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಬಬಲ್ ರ‍್ಯಾಪ್ ಸುತ್ತಿ, ಕೈಗೆ ಸಿಕ್ಕ ರಟ್ಟಿನ ಬಾಕ್ಸಿನಲ್ಲಿ ಜೋಡಿಸಿ, ಮೇಲೆ ಉಳಿದ ಜಾಗಕ್ಕೆ ಹಳೆ ಪೇಪರ್ ಉಂಡೆ ತುರುಕಿದ್ದೀರಿ. ತಕ್ಕಡಿ 1.2 ಕಿಲೋ ತೋರಿಸುತ್ತದೆ. ಆದರೆ ಕೊರಿಯರ್‌ನವರ ಬಿಲ್ಲು ಬರುವುದು 3 ಕಿಲೋಗೆ.

ಅವರು ಬಾಕ್ಸನ್ನು ತೂಗುವುದರ ಜೊತೆಗೆ ಅಳೆಯುತ್ತಾರೆ ಕೂಡ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದೇ ವಾಲ್ಯೂಮೆಟ್ರಿಕ್ ತೂಕ. ನಮ್ಮ ಬಾಕ್ಸು 30 × 25 × 20, ಅಂದರೆ 15,000, ಭಾಗಿಸಿದರೆ 3. ನಿಜವಾದ ತೂಕ, ಈ ಲೆಕ್ಕದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಇದು ಮೋಸವಲ್ಲ. ಹಗುರ ಸಾಮಾನು ತುಂಬಿದ ಲಾರಿಯಲ್ಲಿ ಭಾರದ ಮಿತಿ ಮುಟ್ಟುವ ಮೊದಲೇ ಜಾಗ ಮುಗಿದುಹೋಗುತ್ತದೆ, ಆ ಜಾಗಕ್ಕೂ ಯಾರಾದರೂ ದುಡ್ಡು ಕೊಡಲೇಬೇಕು.

ಈಗ ಬಾಕ್ಸಿನೊಳಗೆ ನೋಡಿ. ಗೊಂಬೆಗಳು, ಅವುಗಳ ಮೇಲಿನ ಮೆತ್ತೆ ಎಲ್ಲ ಸೇರಿ 13 ಸೆಂಟಿಮೀಟರಿಗೆ ಮುಗಿಯುತ್ತವೆ. ಉಳಿದ ಏಳು ಸೆಂಟಿಮೀಟರ್ ಬರೀ ಪೇಪರ್ ಉಂಡೆ. ಹೊಸ ಬಾಕ್ಸು ಬೇಕಿಲ್ಲ: ನಾಲ್ಕೂ ಮೂಲೆಗಳನ್ನು ಆ ಮಟ್ಟದವರೆಗೆ ಚಾಕುವಿನಿಂದ ಸೀಳಿ, ಗೋಡೆಗಳ ಮೇಲೆ ಸ್ಕೇಲು ಒತ್ತಿ ಗೆರೆ ಹಾಕಿ, ಒಳಕ್ಕೆ ಮಡಚಿ ಟೇಪು ಹಾಕಿದರೆ ಸಾಕು. 30 × 25 × 13 ಎಂದರೆ 1.95, ಬಿಲ್ಲು 2 ಕಿಲೋಗೆ. ಒಂದು ಕಿಲೋದ ದರ ಉಳಿಯಿತು.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಒತ್ತಿ ತುಂಬಿದ ಬಾಕ್ಸಿನ ಮುಚ್ಚಳ ನಡುವೆ ಉಬ್ಬುತ್ತದೆ, ಅಳತೆ ತೆಗೆಯುವುದೋ ಆ ಉಬ್ಬಿನ ತುದಿಗೆ. ಅರ್ಧ ಸೆಂಟಿಮೀಟರ್ ಉಬ್ಬಿದರೂ ಲೆಕ್ಕ 2.03ಕ್ಕೆ ಏರುತ್ತದೆ. ದರ ಸಾಮಾನ್ಯವಾಗಿ ಅರ್ಧ ಅರ್ಧ ಕಿಲೋದ ಮೆಟ್ಟಿಲಿನಲ್ಲಿರುವುದರಿಂದ ಬಿಲ್ಲು ನೇರ 2.5ಕ್ಕೆ ಹಾರುತ್ತದೆ. ಬಾಕ್ಸು ಮಾರುವವರು ಹಲವು ಸಲ ಒಳ ಅಳತೆ ಹೇಳುತ್ತಾರೆ, ಕೊರಿಯರ್‌ನವರು ನೋಡುವುದು ಹೊರ ಅಳತೆ. ಹಾಗಾಗಿ ಟೇಪು ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆದಿಟ್ಟರೆ ಆಮೇಲೆ ಹೆಚ್ಚುವರಿ ಬಿಲ್ಲು ಬಂದಾಗ ವಾದಿಸಲು ಆಧಾರವಿರುತ್ತದೆ.

ಅದೇ ದೊಡ್ಡ ಬಾಕ್ಸಿನಲ್ಲಿ 4 ಕಿಲೋ ಬೆಲ್ಲ ಕಳಿಸಿದರೆ ಈ ಕತ್ತರಿಸುವ ಕೆಲಸವೇ ಬೇಡ. ನಿಜವಾದ ತೂಕವೇ ಹೆಚ್ಚಾದ್ದರಿಂದ ಬಾಕ್ಸು ಕುಗ್ಗಿಸಿದರೆ ಒಂದು ಪೈಸೆಯೂ ಉಳಿಯದು. ಉಪ್ಪಿನಕಾಯಿ ಬಾಟಲಿಗೂ ಹಾಗೆಯೇ, ಸುತ್ತ ಧಾರಾಳವಾಗಿ ಮೆತ್ತೆ ಕೊಡಿ. ಐದು ಲೀಟರ್ ಜಾಗಕ್ಕೆ ಒಂದು ಕಿಲೋ ಎಂಬುದೇ ಗಡಿ. ಅದಕ್ಕಿಂತ ಹಗುರವಾದ ಮಂಡಕ್ಕಿ, ದಿಂಬು, ಗೊಂಬೆಗಳಿಗೆ ಜಾಗದ ಲೆಕ್ಕ. ಬಟ್ಟೆಗಾದರೆ ಬಾಕ್ಸೇ ಬೇಡ, ಗಾಳಿ ಹೊರಹಾಕಿ ಪ್ಲಾಸ್ಟಿಕ್ ಕೊರಿಯರ್ ಕವರಿಗೆ ಹಾಕಿದರಾಯಿತು.

5000 ಎಂಬ ಭಾಜಕ ಎಲ್ಲ ಕಡೆ ಒಂದೇ ಅಲ್ಲ. ವಿಮಾನ ಸರಕಿನಲ್ಲಿ 6000 ರೂಢಿಯಲ್ಲಿದೆ. ಭಾಜಕ 4000 ಆದರೆ ನಾವು ಕತ್ತರಿಸಿದ ಅದೇ ಬಾಕ್ಸು 2.44 ಆಗುತ್ತದೆ. ಕಿಲೋಗೆ ಎಷ್ಟು ಎಂದು ಕೇಳುವಾಗಲೇ ಯಾವುದರಿಂದ ಭಾಗಿಸುತ್ತೀರಿ ಎಂದೂ ಕೇಳಿ.